ಬೈಯೋದನ್ನೇ ನಿಲ್ಲಿಸಿಬಿಟ್ಟರು ಮೇಡಂ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 31 ವರ್ಷ. ವಿಚ್ಛೇದನವಾಗಿ ಎಂಟು ತಿಂಗಳಾಗಿತ್ತು, ಆದರೆ ನನ್ನ ಹತ್ತಿರ ಸಲಹೆ ಕೇಳಿ ಬಂದಿದ್ದು ಅದಕ್ಕಲ್ಲ. ದಾವಣಗೆರೆಯ ಹಾಸ್ಟೆಲ್‌ನಲ್ಲಿ ಜೊತೆಗಿದ್ದ ನಾಲ್ವರು ಗೆಳೆಯರು ಹತ್ತು ವರ್ಷದಿಂದ ಇವರನ್ನು 'ಲೇ ಮೊಸರನ್ನ' ಅಂತಲೇ ಕರೆಯುತ್ತಿದ್ದರು. ಈಗ ಹೆಸರು ಹಿಡಿದು ಮಾತಾಡಿಸಿ, ಊಟ ಆಯ್ತಾ ಅಂತ ಕೇಳಿ ಸುಮ್ಮನಾಗುತ್ತಾರೆ. "ಸತ್ತವರ ಮನೆಗೆ ಬಂದ ಹಾಗೆ ಮಾತಾಡ್ತಾರೆ ಮೇಡಂ" ಅಂದರು.

ಕೆದಕಿದಾಗ ಇನ್ನೊಂದು ವಿಷಯ ಹೊರಬಂತು. ಒಂದು ರಾತ್ರಿ ಊಟಕ್ಕೆ ಸೇರಿದ್ದಾಗ ಒಬ್ಬ ಗೆಳೆಯ, ತನ್ನ ಆಫೀಸಿನವರು ಇಬ್ಬರು ಪಕ್ಕದಲ್ಲಿದ್ದಾಗಲೇ, "ಇವನ ಅಡುಗೆ ತಿಂದೇ ಅವಳು ಓಡಿಹೋಗಿರ್ಬೇಕು" ಅಂದಿದ್ದ. ಇವರು ತಟ್ಟೆ ಬಿಟ್ಟು ಎದ್ದುಹೋದರು. ಅವತ್ತಿನಿಂದ ಎಲ್ಲರ ಬಾಯಿಗೂ ಬೀಗ.

ಗೆಳೆಯರ ಬೈಗುಳ ಒಂದು ಥರದ ಪರೀಕ್ಷೆ. ಹೊರಗಿನವನು ಅದನ್ನೇ ಅಂದರೆ ಜಗಳ. ನೀನು ಅಂದರೆ ನಾನು ನಗುತ್ತೇನೆ, ಅಂದರೆ ನಿನ್ನಿಂದ ನನಗೆ ಕೆಡುಕಾಗೋದಿಲ್ಲ ಅಂತ ಇಬ್ಬರಿಗೂ ಮತ್ತೆ ಖಾತ್ರಿಯಾಗುತ್ತದೆ. ಹೀಗೆ ತಮಾಷೆ ಮಾಡಲು ಹಕ್ಕಿರುವ, ಬೇಜಾರಾಗಬಾರದೆಂಬ ಕಟ್ಟುಪಾಡೂ ಇರುವ ಸಂಬಂಧಗಳ ಬಗ್ಗೆ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲೇ ಬರೆದಿದ್ದರು. ನಮ್ಮ ಭಾವ-ಮೈದುನರ ಕಾಲೆಳೆತ ನೋಡಿದರೆ ಸಾಕು, ಗೊತ್ತಾಗುತ್ತೆ. ಆದರೆ ಇದರೊಳಗೆ ಒಂದು ಸೂಕ್ಷ್ಮವಿದೆ. ಹಳೇ ಗೆಳೆಯನಿಗೆ ನಿಮ್ಮ ನಿಜವಾದ ಗಾಯ ಎಲ್ಲಿದೆ ಅಂತ ಗೊತ್ತು, ಗೊತ್ತಿದ್ದೂ ಅದರ ಪಕ್ಕದಲ್ಲಿ ಚುಚ್ಚುತ್ತಾನೆ. ಮೊಸರನ್ನ ಪಕ್ಕದ ಜಾಗ. ಹೆಂಡತಿ ಬಿಟ್ಟುಹೋಗಿದ್ದು ಗಾಯ, ಅದನ್ನು ಹೊರಗಿನವರ ಮುಂದೆ ಮುಟ್ಟಿದ್ದು ಇನ್ನೂ ಜಾಸ್ತಿ ನೋವು.

ಆ ಗೆಳೆಯ ಕೆಟ್ಟವನೇನಲ್ಲ. ಜಸ್ಟಿನ್ ಕ್ರುಗರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದು ಇದನ್ನೇ: ಕಾಲೆಳೆಯುವವನಿಗೆ ತನ್ನ ಒಳ್ಳೇ ಉದ್ದೇಶ ಎದುರಿನವನಿಗೂ ಕಾಣುತ್ತಿದೆ ಅನಿಸುತ್ತದೆ, ಎದುರಿನವನಿಗೆ ಅದು ಅಷ್ಟು ಕಾಣುವುದಿಲ್ಲ.

ನಾನು ಹೇಳಿದ್ದು ಇಷ್ಟು. ಗುಂಪಿನಲ್ಲಿ ಬೇಡ, ಆ ಒಬ್ಬನಿಗೆ ಫೋನ್ ಮಾಡಿ. "ಅವಳ ವಿಷಯ ಬೇಡ ಕಣೋ, ಅವತ್ತು ನೋವಾಯ್ತು. ಬಾಕಿ ಎಲ್ಲಾ ಮೊದಲಿನ ಹಾಗೇ ಬೈ" ಅನ್ನಿ. ಎರಡನೇ ವಾಕ್ಯ ಬಿಡಲೇಬೇಡಿ, ಬಿಟ್ಟರೆ ಅವನು ಇನ್ನಷ್ಟು ಮೆತ್ತಗಾಗುತ್ತಾನೆ. ಆಮೇಲೆ ನೀವೇ ಮೊದಲು ಅವನ ಕಾಲೆಳೆಯಿರಿ. ನಿಮ್ಮನ್ನು ನೀವೇ ಹಳಿದುಕೊಂಡು ನಗಿಸಲು ಹೋಗಬೇಡಿ, ಈ ಹೊತ್ತಲ್ಲಿ ಅವರಿಗೆ ಅದು ಅಳುವಿನ ಹಾಗೆ ಕೇಳಿಸುತ್ತದೆ. ಹೇಳಿದ ಮೇಲೂ ಅವನು ಅದೇ ವಿಷಯಕ್ಕೆ ಬಂದರೆ, ಅಥವಾ ನಿಮ್ಮನ್ನು ಬೈದು, ನೀವು ತಿರುಗಿ ಬೈದರೆ ಮಾತ್ರ ತಡೆದುಕೊಳ್ಳದಿದ್ದರೆ, ಅದು ಸಲುಗೆಯಲ್ಲ.

ಮೂರು ವಾರದ ಮೇಲೆ ಬಂದರು. ಫೋನ್‌ನಲ್ಲಿ ಅವನು ಅತ್ತನಂತೆ, ಇಡೋ ಮುಂಚೆ "ಸರಿ ಇಡಲೇ ಮೊಸರನ್ನ" ಅಂದನಂತೆ. ಉಳಿದ ಮೂವರು ಮಾತ್ರ ಇನ್ನೂ ಊಟ ಆಯ್ತಾ ಅಂತಲೇ ಕೇಳುತ್ತಿದ್ದಾರೆ.