ದುಡ್ಡು ಹಾಕಿದ್ದೇನೆ ಅಂದ ಗ್ರಾಹಕರ ಹತ್ತಿರ UTR ಕೇಳುವುದು ಹೇಗೆ?

"ಗ್ರಾಹಕರು ಫೋನ್‌ಪೇಯಲ್ಲಿ 850 ರೂಪಾಯಿ ಹಾಕಿದ್ದೇನೆ ಅಂತಾರೆ, ನನಗೆ ಬಂದಿಲ್ಲ. ಅನುಮಾನ ಪಟ್ಟ ಹಾಗೆ ಕಾಣದಂತೆ ಏನಂತ ಬರೆಯಲಿ?"

ಹುಡುಕುವ ಕೆಲಸ ನಿಮ್ಮದು, ನಂಬರ್ ಅದಕ್ಕೇ ಬೇಕು ಅಂತ ಗೊತ್ತಾಗಬೇಕು. ಹೀಗೆ ಬರೆಯಿರಿ:

"ಸರ್, ನೀವು ಕಳಿಸಿದ 850 ರೂಪಾಯಿ ನನ್ನ ಖಾತೆಯಲ್ಲಿ ಇನ್ನೂ ಕಾಣುತ್ತಿಲ್ಲ, ಬ್ಯಾಂಕಲ್ಲಿ ವಿಚಾರಿಸುತ್ತೇನೆ. ಫೋನ್‌ಪೇ ಹಿಸ್ಟರಿಯಲ್ಲಿ ಆ ಪೇಮೆಂಟ್ ತೆರೆದರೆ UTR ಅಂತ 12 ಅಂಕಿ ಇರುತ್ತದೆ, ಅದನ್ನು ಕಳಿಸುತ್ತೀರಾ?"

"ನಿಜವಾಗ್ಲೂ ಹಾಕಿದ್ರಾ?" ಅಂತ ಮಾತ್ರ ಕೇಳಬೇಡಿ, ಮನಸ್ಸಿಗೆ ನೋವಾಗುತ್ತದೆ. ಸುಮಾರು ಜನ T ಅಕ್ಷರದಿಂದ ಶುರುವಾಗುವ ಟ್ರಾನ್ಸಾಕ್ಷನ್ ಐಡಿ ಕಳಿಸಿಬಿಡುತ್ತಾರೆ, ಅದು ಫೋನ್‌ಪೇಯವರದೇ ನಂಬರ್, ನಿಮ್ಮ ಸ್ಟೇಟ್‌ಮೆಂಟಲ್ಲಿ ಹುಡುಕೋಕೆ ಆ 12 ಅಂಕಿಯೇ ಬೇಕು. ಅವರ ಫೋನಲ್ಲಿ ಪೆಂಡಿಂಗ್ ಅಂತ ಇದ್ದರೆ ಇನ್ನೊಂದು ಸಲ ಹಾಕಿಸಬೇಡಿ, ಎರಡೂ ಬಂದುಬಿಡಬಹುದು.