ಏಜೆಂಟರ ಹತ್ತಿರ ಉಳಿದ ಸೀರೆಗೆ ಯಾವ ಖರ್ಚು ಸೇರುತ್ತದೆ?

"ಪುಣೆಯ ಏಜೆಂಟರಿಗೆ ಕಳಿಸಿದ ಸೀರೆಯಲ್ಲಿ ಸ್ವಲ್ಪ ಮಾರ್ಚ್ ಕೊನೆಗೂ ಮಾರಾಟ ಆಗಿಲ್ಲ. ಅದಕ್ಕೆ ಏನು ಬೆಲೆ ಹಿಡಿಯಬೇಕು? ಕಮಿಷನ್, ಲಾರಿ ಬಾಡಿಗೆ ಎಲ್ಲಾ ಸೇರಿಸಬೇಕಾ?"

ಲಾರಿ ಬಾಡಿಗೆ ಸೇರಿಸಿ, ಕಮಿಷನ್ ಬೇಡ. ನಾನು ಬೆಟಗೇರಿಯಲ್ಲಿ ಒಬ್ಬ ಸೀರೆ ವ್ಯಾಪಾರಿಯ ಲೆಕ್ಕ ಬರೆಯುತ್ತೇನೆ. ಮೊದಲ ವರ್ಷ ನಾನೂ ಎಡವಿದ್ದೆ. ಮಾಲು ಲಾರಿ ಹತ್ತಿದ ದಿನವೇ ಉದ್ರಿ ಮಾರಾಟ ಅಂತ ಬರೆದುಬಿಟ್ಟೆ. ಆಮೇಲೆ ಅರ್ಧ ಗಂಟು ವಾಪಸ್ ಬಂತು, ತೋರಿಸಿದ ಲಾಭ ಎಲ್ಲಾ ಸುಳ್ಳಾಯಿತು. ಏಜೆಂಟರು ಮಾರುವ ತನಕ ಮಾಲು ನಿಮ್ಮದೇ ಅಲ್ವಾ?

ಒಂದು ಲೆಕ್ಕ ಹಾಕಿ ನೋಡೋಣ. 800 ರೂಪಾಯಿ ಅಸಲಿನ 100 ಸೀರೆ ಕಳಿಸಿದಿರಿ, ಅಂದರೆ 80,000. ಪ್ಯಾಕಿಂಗು, ಲಾರಿ ಬಾಡಿಗೆ ಸೇರಿ 4,000 ನೀವು ಕೊಟ್ಟಿರಿ. ಅಲ್ಲಿ ಇಳಿಸುವ ಹಮಾಲಿ, ಗೋದಾಮಿನ ತನಕ ಗಾಡಿ ಬಾಡಿಗೆ 1,000 ಏಜೆಂಟರು ಕೊಟ್ಟರು. ಈ 5,000 ರೂಪಾಯಿ 100 ಸೀರೆಯನ್ನೂ ಅಲ್ಲಿಗೆ ಮುಟ್ಟಿಸಲು ಆದ ಖರ್ಚು. ಹಾಗಾಗಿ ಒಂದೊಂದು ಸೀರೆಗೂ 50 ರೂಪಾಯಿ ಹತ್ತುತ್ತದೆ, ಅಸಲು 850 ಆಗುತ್ತದೆ. 20 ಉಳಿದಿದ್ದರೆ ಅದರ ಬೆಲೆ 17,000.

ಗೋದಾಮು ಮುಟ್ಟಿದ ಮೇಲಿನ ಖರ್ಚು ಬೇರೆ. ಗೋದಾಮಿನ ಬಾಡಿಗೆ, ಜಾಹೀರಾತು ಅಂತ ಏಜೆಂಟರು 1,500 ತೋರಿಸಿದರೆ ಅದನ್ನು ಉಳಿದ ಸೀರೆಯ ಮೇಲೆ ಹೇರಬೇಡಿ, ಈ ವರ್ಷದ ಲಾಭದಿಂದಲೇ ಕಳೆಯಿರಿ. ಕಮಿಷನ್ನೂ ಹಾಗೇ, ಮಾರಿದ್ದಕ್ಕೆ ಮಾತ್ರ. 80 ಸೀರೆ 1,200ರಂತೆ ಮಾರಿದರೆ 96,000 ಬಂತು, ನೂರಕ್ಕೆ 10ರಂತೆ ಕಮಿಷನ್ 9,600. ಮಾರಿದ 80ರ ಅಸಲು 68,000, ಕಮಿಷನ್, ಆ 1,500 ಎಲ್ಲಾ ಕಳೆದರೆ ಲಾಭ 16,900. ಉಳಿದ 20ಕ್ಕೂ ಕಮಿಷನ್ ಸೇರಿಸಿಬಿಟ್ಟರೆ ಲಾಭ ಸುಮ್ನೆ ಜಾಸ್ತಿ ಕಾಣುತ್ತದೆ, ಮುಂದಿನ ವರ್ಷ ಅಷ್ಟೇ ಕಡಿಮೆ ಬರುತ್ತದೆ.

ಏಜೆಂಟರಿಂದ ಬರಬೇಕಾದ ದುಡ್ಡು ಬೇರೆ ಖಾತೆ. 96,000ದಲ್ಲಿ ಅವರು ಮಾಡಿದ ಖರ್ಚು 2,500, ಕಮಿಷನ್ 9,600 ಕಳೆದರೆ 83,900. ಮೊದಲೇ 30,000 ಅಡ್ವಾನ್ಸ್ ಕಳಿಸಿದ್ದರೆ ಬಾಕಿ 53,900. ಆ ಅಡ್ವಾನ್ಸನ್ನು ಮಾರಾಟ ಅಂತ ಬರೆಯಬೇಡಿ, ನಮ್ಮಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ.

ಉಳಿದ ಸೀರೆ ಬಣ್ಣ ಮಾಸಿ, ಕಮಿಷನ್ ಕಳೆದು ಕೈಗೆ 700 ಮಾತ್ರ ಬರುವ ಹಾಗಿದ್ದರೆ 850 ಬಿಟ್ಟು 700 ಹಿಡಿಯಿರಿ. ಅದಕ್ಕೇ ನಾನು ಮಾರಾಟದ ಪಟ್ಟಿಯ ಜೊತೆ ಮಾರ್ಚ್ 31ಕ್ಕೆ ಎಷ್ಟು ಸೀರೆ ಉಳಿದಿದೆ, ಯಾವ ಸ್ಥಿತಿಯಲ್ಲಿದೆ ಅಂತ ಏಜೆಂಟರಿಂದ ಸಹಿ ಹಾಕಿಸಿ ತರಿಸುತ್ತೇನೆ. ಇನ್ನು ಜಿಎಸ್‌ಟಿ: ಏಜೆಂಟರು ತಮ್ಮ ಹೆಸರಲ್ಲೇ ಬಿಲ್ ಹಾಕಿ ಮಾರುತ್ತಿದ್ದರೆ ಮಾಲು ಕಳಿಸುವಾಗಲೇ ನೀವು ತೆರಿಗೆ ಬಿಲ್ ಮಾಡಬೇಕು. ಲಾಭದ ಲೆಕ್ಕಕ್ಕೆ ಮಾತ್ರ ಅದು ಮಾರಾಟ ಅಲ್ಲ.