ಹದಿನಾಲ್ಕು ಪಾಠ, ಎಂಟು ವಾರ

"ಸಿಬಿಎಸ್‌ಇ ಹನ್ನೆರಡನೇ ಕ್ಲಾಸಿನ ಫಿಸಿಕ್ಸ್ ಪರೀಕ್ಷೆಗೆ ಹತ್ತು ವಾರ ಇದೆ. ವಾರಕ್ಕೆ ಆರು ಗಂಟೆ ಸಿಗುತ್ತದೆ. ಹದಿನಾಲ್ಕು ಪಾಠಗಳನ್ನು ಸಮವಾಗಿ ಹಂಚಿದೆ, ಎರಡನೇ ವಾರಕ್ಕೇ ಹಿಂದೆ ಬಿದ್ದೆ. ಹಳೇ ಪೇಪರಿನ ನನ್ನ ಉತ್ತರಗಳನ್ನು ಜೊತೆಗಿಟ್ಟಿದ್ದೇನೆ."
– ಓದುಗಿ, ಉಡುಪಿ

ಉತ್ತರಗಳನ್ನು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಅವಿಲ್ಲದೆ ಸಲಹೆ ಕೊಡಲು ಆಗುತ್ತಿರಲಿಲ್ಲ.

ಪಾಠಗಳ ಲೆಕ್ಕ ಬಿಡಿ, ಅಂಕಗಳನ್ನು ನೋಡಿ. 70 ಅಂಕದಲ್ಲಿ ಸ್ಥಾಯೀ ವಿದ್ಯುತ್ತು ಮತ್ತು ಕರೆಂಟಿಗೆ 16, ಕಾಂತತೆ-ಪ್ರೇರಣೆ-ಎಸಿಗೆ 17, ಬೆಳಕು ಮತ್ತು ವಿದ್ಯುತ್ಕಾಂತೀಯ ಅಲೆಗಳಿಗೆ 18, ದ್ವಂದ್ವ ಸ್ವಭಾವ ಮತ್ತು ಪರಮಾಣುವಿಗೆ 12, ಸೆಮಿಕಂಡಕ್ಟರಿಗೆ 7. ಇದೇ ಕ್ರಮದಲ್ಲಿ ನಿಮಗೆ ಬಂದದ್ದು 13, 7, 11, 10, 4.

ಈಗ ಒಂದು ಗುಣಾಕಾರ. ಶೇಕಡಾ 80ಕ್ಕಿಂತ ಜಾಸ್ತಿ ಬಂದಲ್ಲಿ ಆ ಭಾಗದ ಒಟ್ಟು ಅಂಕವನ್ನು ಒಂದರಿಂದ, ಅರ್ಧಕ್ಕಿಂತ ಕಡಿಮೆ ಬಂದಲ್ಲಿ ಎರಡರಿಂದ, ನಡುವೆ ಇದ್ದಲ್ಲಿ ಒಂದೂವರೆಯಿಂದ ಗುಣಿಸಿ. 16, 34, 27, 12, 10.5 ಸಿಗುತ್ತದೆ. ಕೂಡಿದರೆ ಹತ್ತಿರ ಹತ್ತಿರ ನೂರು. ಎರಡಕ್ಕಿಂತ ಮೇಲೆ ಹೋಗಬೇಡಿ. ಹೋದರೆ ಕಷ್ಟದ ಭಾಗವೇ ಸಮಯವನ್ನೆಲ್ಲ ನುಂಗುತ್ತದೆ, ಬರುತ್ತಿದ್ದದ್ದೂ ಮರೆತುಹೋಗುತ್ತದೆ.

ಕೊನೆಯ ಎರಡು ವಾರ ಪೂರ್ತಿ ಪೇಪರ್ ಬರೆಯಲು ಇಡಿ. ಉಳಿದ ಎಂಟು ವಾರದಲ್ಲಿ, ವಾರಕ್ಕೆ ಐದು ಗಂಟೆಯಂತೆ 40 ಗಂಟೆ. ಆರನೇ ಗಂಟೆ ಖಾಲಿ ಇರಲಿ. ನಮ್ಮ ಕಡೆ ಈಗ ಕೋಲ, ಮದುವೆ, ಆಟ ಇರುವ ಕಾಲ ಅಲ್ವಾ, ತಪ್ಪಿದ್ದನ್ನು ಅಲ್ಲಿ ತುಂಬಿಸಿ. ಆ 40 ಗಂಟೆಯನ್ನು ಗುಣಿಸಿ ಬಂದ ಸಂಖ್ಯೆಗಳ ಪ್ರಮಾಣದಲ್ಲಿ ಹಂಚಿದರೆ ಕಾಂತತೆಗೆ 13.5 ಗಂಟೆ, ಬೆಳಕಿಗೆ 11, ಸ್ಥಾಯೀ ವಿದ್ಯುತ್ತಿಗೆ 6.5, ಪರಮಾಣುವಿಗೆ 5, ಸೆಮಿಕಂಡಕ್ಟರಿಗೆ 4. ಪಾಠಕ್ಕೆ ಸಮವಾಗಿ ಹಂಚಿದಾಗ ನಿಮಗೆ ಚೆನ್ನಾಗಿ ಬರುವ ಪರಮಾಣುವಿನ ಮೂರು ಪಾಠಗಳಿಗೇ ಎಂಟೂವರೆ ಗಂಟೆ ಹೋಗುತ್ತಿತ್ತು.

ಒಂದು ಮಾತು. ದರ್ಪಣದ ಲೆಕ್ಕದಲ್ಲಿ ನೀವು ಸೂತ್ರ ಸರಿಯಾಗಿ ಬರೆದು u ಗೆ ಮೈನಸ್ ಹಾಕುವುದನ್ನು ಮರೆತಿದ್ದೀರಿ. ಅದು ಅರ್ಧ ಗಂಟೆಯ ಕೆಲಸ. ಬೆಳಕಿನ ಅಲೆ ಸ್ವಭಾವದ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇಲ್ಲ. ಬೆಳಕಿನ 11 ಗಂಟೆಯ ದೊಡ್ಡ ಪಾಲು ಅಲ್ಲಿಗೆ ಹೋಗಬೇಕು.

ವಾರದ ಗುರಿ "ಪ್ರೇರಣೆ ಓದುವುದು" ಎಂದಿದ್ದರೆ ಮುಗಿಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹೀಗೆ ಬರೆಯಿರಿ: ಮ್ಯಾಗ್ನೆಟ್ ಕಾಯಿಲಿನ ಹತ್ತಿರ ಬಂದಾಗ, ದೂರ ಹೋದಾಗ ಕರೆಂಟು ಯಾವ ಕಡೆ ಹರಿಯುತ್ತದೆ ಎಂದು ಪುಸ್ತಕ ಮುಚ್ಚಿ ಬಿಡಿಸಬೇಕು, ಎಂಟು ಲೆಕ್ಕದಲ್ಲಿ ಆರು ಸರಿಯಾಗಬೇಕು. ಒಂದೇ ಭಾಗವನ್ನು ಇಡೀ ವಾರ ಹಿಡಿಯಬೇಡಿ. ಮೂರು ಗಂಟೆ ಕಾಂತತೆ, ಎರಡು ಗಂಟೆ ಬೇರೊಂದು.

ನಾಲ್ಕು ವಾರ ಕಳೆದ ಮೇಲೆ ಇನ್ನೊಂದು ಹಳೇ ಪೇಪರನ್ನು ಪುಸ್ತಕ ನೋಡದೆ ಬರೆಯಿರಿ. ಕಾಂತತೆಯಲ್ಲಿ 17ಕ್ಕೆ 12 ಬಂದರೆ ಅದರ ಎರಡನ್ನು ಒಂದೂವರೆ ಮಾಡಿ, ಉಳಿದ 20 ಗಂಟೆಯನ್ನು ಹೊಸದಾಗಿ ಹಂಚಿ. ಆ ಅಂಕಗಳನ್ನೂ ನನಗೆ ಬರೆದು ಕಳಿಸಿ.

– ಸಂಪಾದಕ